ನಾನು ಅಳಿಸಿದ ಗಾಯ

ನನ್ನ ಸ್ಟುಡಿಯೋದ ಗಾಜಿನ ಬಾಗಿಲನ್ನು ಒಡೆದವನು ಹೊರಗಿನಿಂದ ಏನನ್ನೂ ತಂದಿರಲಿಲ್ಲ. ಗಿರಾಕಿಗಳು ಕೂರಲೆಂದು ಬಾಗಿಲ ಹೊರಗೆ ನಾನೇ ಇಟ್ಟಿದ್ದ ಕಬ್ಬಿಣದ ಸ್ಟೂಲನ್ನು ಎತ್ತಿ ಬೀಸಿದ. ಗಾಜು ಒಮ್ಮೆಲೇ ಇಳಿದು ನೆಲದ ತುಂಬ ಹರಡಿತು. ಅದರ ಮೇಲೆಯೇ ಬರಿಗಾಲಲ್ಲಿ ನಡೆದು ಬಂದು ನನ್ನ ಅಂಗಿಯ ಕಾಲರ್ ಹಿಡಿದ.

"ನಮ್ಮಕ್ಕನ ಮುಖ ಎಲ್ಲಿ ಮಡಗಿದ್ದೀಯೋ? ಕೊಡು ಈಚೆಗೆ!"

ಅವನು ಯಾರೆಂದು ನನಗೆ ತಿಳಿಯುವ ಮೊದಲೇ ಮೊದಲ ಏಟು ಬಿತ್ತು. ತುಟಿ ಸೀಳಿತು. ಎರಡನೆಯ ಏಟಿಗೆ ನಾನು ಹಿಂದಿನ ಪರದೆಯ ಸ್ಟ್ಯಾಂಡಿನ ಮೇಲೆ ಬಿದ್ದೆ. ಪರದೆ, ಲೈಟು, ನಾನು, ಎಲ್ಲ ಒಟ್ಟಿಗೆ ನೆಲಕ್ಕೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲ ಹೊತ್ತು ಲಾರಿಗೆ ತುಂಬುವ ಆಳಿನ ಕೈ ಅದು. ಪಕ್ಕದ ಬೇಕರಿಯವರು, ಎದುರಿನ ಬಟ್ಟೆ ಅಂಗಡಿಯವರು ಓಡಿಬಂದು ಅವನನ್ನು ಎಳೆದು ಹಿಡಿದರು. ಹಿಡಿದ ಮೇಲೂ ಅವನು ಒದೆಯುತ್ತಲೇ ಇದ್ದ. ಅಂಗಾಲಿನಲ್ಲಿ ಗಾಜು ಚುಚ್ಚಿಕೊಂಡು ರಕ್ತ ಸೋರುತ್ತಿತ್ತು. ಅದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

"ಕೋರ್ಟಲ್ಲಿ ನಮ್ಮಕ್ಕನ್ನ ಸುಳ್ಳಿ ಅಂದ್ರು ಕಣ್ಲಾ ಇವತ್ತು. ನಿನ್ನ ಫೋಟೋ ತೋರ್ಸಿ ಅಂದ್ರು!"

ಆಗ ಗೊತ್ತಾಯಿತು ಅವನು ಯಾರ ತಮ್ಮನೆಂದು. ಬಾಯಲ್ಲಿ ತುಂಬಿದ ರಕ್ತವನ್ನು ಉಗುಳುವುದೋ ನುಂಗುವುದೋ ತಿಳಿಯದೆ ನುಂಗಿಬಿಟ್ಟೆ.

ಅದಕ್ಕೆ ಐದು ತಿಂಗಳ ಹಿಂದೆ ದಬ್ಬೇಘಟ್ಟದ ಹತ್ತಿರದ ಒಂದು ತೋಟದ ಮನೆಗೆ ಸೀಮಂತದ ಫೋಟೋ ತೆಗೆಯಲು ಹೋಗಿದ್ದೆ. ತುರುವೇಕೆರೆಯಲ್ಲಿ ಸ್ಟುಡಿಯೋ ಇಟ್ಟು ಹದಿನೆಂಟು ವರ್ಷವಾಗಿತ್ತು. ಅಂಥ ಕೆಲಸ ನನಗೆ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ. ಬಸುರಿ ಹುಡುಗಿಯ ಜೊತೆ ಅವಳ ತಾಯಿಯನ್ನು ನಿಲ್ಲಿಸಿದಾಗ ಮಾತ್ರ ತಡವಾಯಿತು. ಆಕೆ ಐವತ್ತರ ಹತ್ತಿರದ ಹೆಂಗಸು, ವಿಧವೆ, ತೆಂಗಿನಕಾಯಿ ಗೋದಾಮಿನಲ್ಲಿ ಚಿಪ್ಪು ಬಿಡಿಸುವ ಕೆಲಸದವಳು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎಂದೆ. ಕ್ಯಾಮೆರಾ ಎತ್ತಿದ ಕೂಡಲೇ ಆಕೆ ಎಡಗೆನ್ನೆಯನ್ನು ಆ ಕಡೆ ತಿರುಗಿಸಿ ಸೆರಗು ಎಳೆದುಕೊಳ್ಳುತ್ತಿದ್ದಳು.

"ಸೆರಗು ಬಿಡಿ ಅಕ್ಕ, ಮಗಳ ಸೀಮಂತ, ಇತ್ಲಾಗೆ ನೋಡಿ" ಎಂದೆ.

"ಯಾರ್‍ಯಾರಿಗೋ ತೋರ್ಸಕ್ಕಲ್ಲ ತಾನೇ?"

"ಮನೆ ಆಲ್ಬಮ್ಮಿಗೆ ಅಕ್ಕ, ಅಷ್ಟೇ."

ಆಕೆ ಸೆರಗು ಬಿಟ್ಟಳು. ಎಡಗಿವಿಯ ಹಾಲೆಯ ಅರ್ಧ ಇರಲಿಲ್ಲ. ಅಲ್ಲಿಂದ ತುಟಿಯ ಮೂಲೆಯವರೆಗೆ ಹಗ್ಗದಷ್ಟು ದಪ್ಪದ ಕಲೆ. ಚರ್ಮ ಎಳೆದುಕೊಂಡು ಬಾಯಿಯ ಮೂಲೆ ಕೆಳಗೆ ಬಾಗಿತ್ತು. ನಾನು ಮೂರು ಫೋಟೋ ತೆಗೆದೆ. ಮೂರನೆಯದರಲ್ಲಿ ಆಕೆ ಮಗಳ ಹಸಿರು ಬಳೆ ನೋಡಿ ನಗುತ್ತಿದ್ದಳು.

ಹೊರಡುವಾಗ ಮಗಳು ಹಿಂದೆಯೇ ಬಂದು ಸಣ್ಣ ದನಿಯಲ್ಲಿ, "ಅಣ್ಣ, ಅಮ್ಮನ ಕೆನ್ನೆದು ಕಾಣ್ದಂಗೆ ಮಾಡ್ತೀರಾ? ನಮ್ಮತ್ತೆ ಮನೆ ಕಡೇವ್ರೆಲ್ಲ ನೋಡ್ತಾರೆ" ಎಂದಳು. ಫೇಸ್‌ಬುಕ್ಕಿಗೂ ಹಾಕಿ ಎಂದಳು. ಅಮ್ಮನನ್ನು ಕೇಳಿದೆಯಾ ಎಂದು ನಾನು ಕೇಳಲಿಲ್ಲ. ಮಗಳು ಹೇಳಿದ ಮೇಲೆ ತಾಯಿ ಹೇಳಿದ ಹಾಗೆಯೇ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಯೋಚಿಸಲಿಲ್ಲ. ಕೈಗೆ ಒಳ್ಳೆಯ ಕೆಲಸ ಸಿಕ್ಕಿತೆಂದು ಖುಷಿಯಾಗಿತ್ತು.

ಕಂಪ್ಯೂಟರಿನ ಮುಂದೆ ಹದಿನೈದು ನಿಮಿಷವೂ ಹಿಡಿಯಲಿಲ್ಲ. ಬಲಗೆನ್ನೆಯ ಒಳ್ಳೆಯ ಚರ್ಮವನ್ನು ತಂದು ಎಡಗೆನ್ನೆಯ ಕಲೆಯ ಮೇಲೆ ತುಂಡು ತುಂಡಾಗಿ ಮುಚ್ಚಿದೆ. ಬಾಯಿಯ ಮೂಲೆಯನ್ನು ಎಳೆದು ಮೇಲಕ್ಕೆ ತಂದೆ. ಕಿವಿಯ ಜಾಗವನ್ನು ಗುರುತು ಮಾಡಿ ಕೊಟ್ಟರೆ ಈಗಿನ ಸಾಫ್ಟ್‌ವೇರ್ ತಾನೇ ಒಂದು ಹಾಲೆ ಬೆಳೆಸಿಕೊಡುತ್ತದೆ. ಓಲೆಯನ್ನೂ ಅದೇ ಹಾಕಿತು. ಬಣ್ಣವನ್ನೂ ಒಂದಿಷ್ಟು ತಿಳಿ ಮಾಡಿದೆ. ಯಾರು ನೋಡಿದರೂ ತಿದ್ದಿದ್ದು ಎನ್ನುವ ಹಾಗಿರಲಿಲ್ಲ. ಅದೇ ನನ್ನ ಹೆಮ್ಮೆ. ಸ್ಟುಡಿಯೋದ ಪೇಜಿಗೆ ಹಾಕಿ, 'ತಾಯಿ ಮಗಳ ಸಂಭ್ರಮ' ಎಂದು ಬರೆದು, ಮಗಳಿಗೆ ಟ್ಯಾಗ್ ಮಾಡಿದೆ. ತಿದ್ದಿದ ಚಿತ್ರ ಎಂದು ಎಲ್ಲೂ ಬರೆಯಲಿಲ್ಲ. ಆಗ ಯಾರಾದರೂ ಕೇಳಿದ್ದರೆ, ಯಾರು ಬರೆಯುತ್ತಾರೆ, ಊಟ ಬಡಿಸುವಾಗ ಉಪ್ಪು ಹಾಕಿದ್ದೇನೆ ಎಂದು ಹೇಳುತ್ತಾರೆಯೇ ಎನ್ನುತ್ತಿದ್ದೆ. 'ಅಕ್ಕ ತಂಗಿ ಇದ್ದಂಗವ್ರೆ' ಎಂದು ಜನ ಕಾಮೆಂಟ್ ಹಾಕಿದರು. ಅಕ್ಕನ ಹತ್ತಿರ ಇದ್ದದ್ದು ಬಟನ್ ಫೋನು. ಆಕೆ ಏನನ್ನೂ ನೋಡಲಿಲ್ಲ.

ನೋಡಿದವನು ಬೇರೆಯವನು. ಆಕೆಯ ಭಾವ, ಗಂಡನ ಅಣ್ಣ. ಆ ಕಲೆಯನ್ನು ಮಾಡಿದವನೇ ಅವನು.

ಬಾಗಿಲಿಗೆ ಸ್ಟೂಲಿನ ಏಟು ಬಿದ್ದ ದಿನ ತುರುವೇಕೆರೆಯ ಕೋರ್ಟಿನಲ್ಲಿ ಅಕ್ಕನ ಪಾಟೀ ಸವಾಲು ನಡೆದಿತ್ತು. ಆಮೇಲೆ ಸರ್ಕಾರಿ ವಕೀಲರು ನನಗೆ ಬಿಡಿಸಿ ಹೇಳಿದರು. ಹರಿತವಾದ ಆಯುಧದಿಂದ ಮುಖ ಶಾಶ್ವತವಾಗಿ ವಿಕಾರವಾಗುವಂತೆ ಹೊಡೆದರೆ ಕಾನೂನಿನಲ್ಲಿ ಅದು ಘೋರ ಗಾಯ. ವಾಸಿಯಾಗಿ ಹೋಗುವ ಗಾಯವಾದರೆ ಶಿಕ್ಷೆ ಬಹಳ ಹಗುರ. ಭಾವನ ವಕೀಲರು ನನ್ನ ಫೋಟೋದ ದೊಡ್ಡ ಪ್ರಿಂಟನ್ನು ಆಕೆಯ ಕೈಗೆ ಕೊಟ್ಟು, "ಇದು ನೀವೇ ತಾನೇ?" ಎಂದು ಕೇಳಿದರಂತೆ. ಪಕ್ಕದಲ್ಲಿ ನಿಂತಿರುವುದು ತನ್ನ ಮಗಳು, ಸೀರೆ ತನ್ನದು. ಹೌದು ಎಂದಳಂತೆ. "ಘಟನೆ ಆಗಿದ್ದು ಮೂರು ವರ್ಷದ ಹಿಂದೆ. ಈ ಫೋಟೋ ಐದು ತಿಂಗಳ ಹಿಂದಿನದು. ಇದರಲ್ಲಿ ಕಲೆ ಎಲ್ಲಿದೆಯಮ್ಮ? ಗಾಯ ಅವತ್ತೇ ವಾಸಿಯಾಗಿದೆ. ಈಗಿರುವ ಕಲೆ ಗೋದಾಮಿನಲ್ಲಿ ಆಮೇಲೆ ಮಾಡಿಕೊಂಡದ್ದು, ಅಲ್ಲವೇ?" ಆಕೆ ಫೋಟೋದ ಕೆನ್ನೆಯನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದಳಂತೆ. ಆಮೇಲೆ ಕಟಕಟೆಯಲ್ಲೇ ಕುಸಿದಳಂತೆ.

ಹೊರಗೆ ಭಾವನ ಇಬ್ಬರು ಮಕ್ಕಳು ಫೋನ್ ಹಿಡಿದು, "ನಮ್ ಚಿಕ್ಕವ್ವ ಸಿನಿಮಾ ಸ್ಟಾರ್ ಆಗೋಗವ್ಳೆ ನೋಡ್ರಲಾ" ಎಂದು ಬಂದವರಿಗೆಲ್ಲ ತೋರಿಸಿದರು. ಅಕ್ಕನ ತಮ್ಮ ಅವರಲ್ಲೊಬ್ಬನ ಕೈ ತಿರುಚಿದ. ಇನ್ನೊಬ್ಬ ಹೆಲ್ಮೆಟ್ಟಿನಿಂದ ತಮ್ಮನ ಬೆನ್ನಿಗೆ ಬಾರಿಸಿದ. ಪೊಲೀಸರು ಬಿಡಿಸಿದರು. ಅಲ್ಲಿಂದ ಅವನು ನೇರ ನನ್ನ ಸ್ಟುಡಿಯೋಗೆ ಬಂದದ್ದು.

ಅವನನ್ನು ಕಳಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಆ ಪೋಸ್ಟನ್ನು ಡಿಲೀಟ್ ಮಾಡಿದ್ದು. ತೆಗೆದರೆ ಮುಗಿಯಿತು ಎಂದುಕೊಂಡೆ. ಅದು ಎಂಥ ದಡ್ಡತನವೆಂದು ಸಂಜೆಯೊಳಗೆ ಗೊತ್ತಾಯಿತು. ಮಗಳ ವಾಟ್ಸಾಪ್ ಡೀಪಿಯಲ್ಲಿ ಅದೇ ಚಿತ್ರ. ಬೀಗರ ಗ್ರೂಪಿನಲ್ಲಿ ಅದೇ ಚಿತ್ರ. ಭಾವನ ಮಕ್ಕಳು ಸ್ಕ್ರೀನ್‌ಶಾಟ್ ತೆಗೆದು ಹಂಚಿದ್ದು ಚಿಕ್ಕನಾಯಕನಹಳ್ಳಿಯವರೆಗೂ ಹೋಗಿತ್ತು. ಸ್ಕ್ರೀನ್‌ಶಾಟಿನಲ್ಲಿ ಅದನ್ನು ಯಾವಾಗ ತೆಗೆದದ್ದು, ಯಾವುದರಲ್ಲಿ ತಿದ್ದಿದ್ದು ಎನ್ನುವ ಯಾವ ಸುಳಿವೂ ಉಳಿಯುವುದಿಲ್ಲ. ನನ್ನ ಪೇಜಿನಲ್ಲಿ ಇದ್ದದ್ದನ್ನು ನಾನು ತೆಗೆದೆ, ಅಷ್ಟೇ. ಇನ್ನು ನಾನು ಏನು ಬರೆದರೂ ಅದನ್ನು ಯಾವ ಚಿತ್ರದ ಕೆಳಗೆ ಬರೆಯಬೇಕಿತ್ತೋ ಆ ಚಿತ್ರವೇ ಅಲ್ಲಿರಲಿಲ್ಲ. ಮೇಲಾಗಿ, 'ಸಾಕ್ಷಿ ಅಳಿಸೋಕೆ ದುಡ್ಡು ತಗೊಂಡವ್ನೆ' ಎಂಬ ಮಾತು ಭಾವನ ಕಡೆಯವರಿಂದ ಹಬ್ಬಿತು.

ಮಾರನೆಯ ದಿನ ಇನ್ನೂ ದೊಡ್ಡ ತಪ್ಪು ಮಾಡಿದೆ. ಮಾಡುವಾಗ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಹಾರ್ಡ್‌ಡಿಸ್ಕಿನಿಂದ ಮೂಲ ಫೋಟೋ ತೆಗೆದು, ತಿದ್ದಿದ್ದರ ಪಕ್ಕದಲ್ಲಿ ಇಟ್ಟು, 'ಎಡಗಡೆ ಅಸಲು, ಬಲಗಡೆ ನಾನು ತಿದ್ದಿದ್ದು. ಈ ತಾಯಿಯ ಗಾಯ ನಿಜ' ಎಂದು ಬರೆದು ಪೇಜಿಗೆ ಹಾಕಿದೆ. ಒಂದೇ ಗಂಟೆಯಲ್ಲಿ ಮೊದಲಿಗಿಂತ ಹೆಚ್ಚು ಜನ ಹಂಚಿದರು. ಅಯ್ಯೋ ಪಾಪ ಎಂದರು. ಕೆಲವರು ನಗುವ ಮುಖ ಹಾಕಿದರು. ಒಬ್ಬ, ಬಲಗಡೇದೇ ಇರ್ಲಿ ಬುಡು ಗುರು ಎಂದ.

ಮಧ್ಯಾಹ್ನ ಬಸ್ಸಿಳಿದು ಅಕ್ಕ ಬಂದಳು. ಗಾಜಿಲ್ಲದ ಬಾಗಿಲ ಚೌಕಟ್ಟಿನೊಳಗಿಂದ ನೇರ ನಡೆದು ಬಂದು, ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದ ಇಬ್ಬರ ಎದುರಿಗೇ ನನ್ನ ಕೆನ್ನೆಗೆ ಹೊಡೆದಳು. ಹೊಲಿಗೆ ಹಾಕಿದ ತುಟಿ ಮತ್ತೆ ಬಿಚ್ಚಿತು. ಇನ್ನೊಂದು ಹೊಡೆದಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

"ಕೇಳ್ದ್ಯಾ? ಮೊದ್ಲು ಅಳಿಸ್ವಾಗ ಕೇಳ್ಲಿಲ್ಲ. ಈಗ ಬಿಚ್ಚಿ ಬೀದೀಗೆ ಇಡ್ವಾಗ್ಲಾದ್ರೂ ಕೇಳ್ದ್ಯಾ? ಗೋದಾಮಲ್ಲಿ ಹೆಂಗಸ್ರು ಫೋನ್ ಹಿಡ್ಕಂಡು ನನ್ ಮುಖ ನೋಡ್ತಾವ್ರೆ, ನನ್ನೂ ನೋಡ್ತಾವ್ರೆ. ಅತ್ಲಾಗಿಂದ ಇತ್ಲಾಗೆ, ಇತ್ಲಾಗಿಂದ ಅತ್ಲಾಗೆ!"

"ನಿಮ್ಗೆ ಒಳ್ಳೇದಾಗ್ಲಿ ಅಂತ ಅಕ್ಕ..."

"ನಮ್ ಭಾವ್ನೂ ಅಂಗೇ ಅಂದ. ಬುದ್ಧಿ ಬರ್ಲಿ ಅಂತ ಹೊಡ್ದೆ ಅಂದ."

ಗಿರಾಕಿಗಳು ಎದ್ದು ಹೋದರು. ನಾನು ನೆಲದ ಮೇಲೆ ಕೂತೆ. ಆಕೆ ನಿಂತೇ ಇದ್ದಳು. "ತೋರ್ಸು. ಏನೇನ್ ಮಾಡ್ದೆ, ಎಲ್ಲ ತೋರ್ಸು" ಎಂದಳು.

ಮೊದಲು ಆ ಪೋಸ್ಟನ್ನು ತೆಗೆಯಲೇ ಎಂದು ಕೇಳಿದೆ. ತಗಿ ಎಂದಳು. ತೆಗೆದೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಕೆಲಸದ ಫೈಲನ್ನು ತೆರೆದೆ. ತಿದ್ದುಪಡಿಗಳನ್ನೆಲ್ಲ ಒಂದರ ಮೇಲೊಂದು ಪದರವಾಗಿ ಇಟ್ಟು ಉಳಿಸುವುದು ನನ್ನ ಅಭ್ಯಾಸ. ಒಂದೊಂದೇ ಪದರ ಮುಚ್ಚಿ ತೆರೆದು ತೋರಿಸಿದೆ. ಕಿವಿ ಬಂತು, ಹೋಯಿತು. ಕಲೆ ಹೋಯಿತು, ಬಂತು. ಬಾಯಿಯ ಮೂಲೆ ಏರಿತು, ಇಳಿಯಿತು. ಆಕೆ ಟೇಬಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಿಲ್ಸು" ಎಂದಳು. ತಿದ್ದಿದ ಮುಖ ಪರದೆಯ ಮೇಲಿತ್ತು. "ನಂಗೆ ಇಂಗೇ ಇತ್ತು ಮುಖ. ಇಷ್ಟು ಬೆಳ್ಳಗಿರ್ಲಿಲ್ಲ, ಇಂಗಿತ್ತು." ನೋಡುತ್ತಾ ನೋಡುತ್ತಾ ಹೇಳತೊಡಗಿದಳು.

ಗಂಡ ಸತ್ತ ವರ್ಷ. ಆಕೆಯ ಪಾಲಿಗೆ ಬಂದ ಹನ್ನೊಂದು ತೆಂಗಿನ ಮರ ಬದುವಿನ ಆ ಕಡೆಗೆ, ಅಂದರೆ ತನ್ನ ಪಾಲಿಗೆ, ಸೇರಿದವು ಎಂದು ಭಾವ ಹೇಳುತ್ತಿದ್ದ. ಅವತ್ತು ಬೆಳಗ್ಗೆ ಆಕೆ ಉದುರಿದ ಕಾಯಿ ಆರಿಸುತ್ತಿದ್ದಳು. ಅವನು ಹಿಂದಿನಿಂದ ಬಂದು ಜುಟ್ಟು ಹಿಡಿದು ಎಳೆದ. ಬಿದ್ದವಳ ಹೊಟ್ಟೆಗೆ ಒದ್ದ. ಆಕೆ ಕೈಗೆ ಸಿಕ್ಕ ಕಾಯಿಯಿಂದ ಅವನ ಮೊಣಕಾಲಿಗೆ ಹೊಡೆದಳು. ಅವನು ಸೊಂಟದಿಂದ ಮಚ್ಚು ತೆಗೆದ. ಮೊದಲ ಏಟನ್ನು ತಪ್ಪಿಸಿಕೊಳ್ಳಲು ತಲೆ ತಿರುಗಿಸಿದಳು, ಇಲ್ಲದಿದ್ದರೆ ಕುತ್ತಿಗೆಗೆ ಬೀಳುತ್ತಿತ್ತು. "ಕಿವೀಲಿ ಗುಂಯ್ ಅಂತು ಕಣಪ್ಪ. ಕೆನ್ನೆ ಬಾಯೊಳಿಕ್ಕೆ ಜೋತು ಬಿದ್ದಂಗಾಯ್ತು. ನಾಲ್ಗೆ ಇಟ್ರೆ ಗಾಳಿ ತಗುಲ್ತು." ಎರಡನೆಯ ಸಲ ಎತ್ತಿದಾಗ ಮರದ ಮೇಲಿದ್ದ ಕಾಯಿ ಕೀಳುವವನು ಕೂಗಿಕೊಂಡ. ಅದಕ್ಕೇ ಬದುಕಿದಳು. ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ರಸ್ತೆಯವರೆಗೆ ತಾನೇ ನಡೆದು ಬಂದಳಂತೆ.

"ಈ ಮುಖ ಇಟ್ಕಂಡು ಮೂರು ವರ್ಷ ಓಡಾಡಿವ್ನಿ. ನಾಚ್ಕೆ ಆಯ್ತದೆ, ಸುಳ್ಳೇಳಲ್ಲ. ಮುಚ್ಕಂತೀನಿ. ನಾನ್ ಮುಚ್ಕಂಡ್ರೆ ಅದು ನಂದು. ನೀನ್ಯಾರಪ್ಪ ಮುಚ್ಚಕ್ಕೆ, ನೀನ್ಯಾರು ತಗಿಯಕ್ಕೆ?"

ಮಗಳು ಹೇಳಿದ್ದು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ತಪ್ಪನ್ನು ಆ ಹುಡುಗಿಯ ತಲೆಗೆ ಕಟ್ಟಿದಂತೆ, ಬಚ್ಚಿಟ್ಟರೆ ಇನ್ನೊಂದು ಸುಳ್ಳು. ಕೊನೆಗೆ ಹೇಳಿದೆ. "ಗೊತ್ತು. ನಿನ್ನೆ ರಾತ್ರಿ ಅವ್ಳೇ ಅತ್ಕಂಡು ಯೋಳಿದ್ಲು" ಎಂದಳು. ಆಮೇಲೆ, "ಮಚ್ಚಿನೇಟಿಗಿಂತ ಅದು ಉರೀತು" ಎಂದಳು.

ಅವತ್ತು ಮೊದಲ ಬಾರಿಗೆ ನಾನು ಕೇಳಬೇಕಾದ್ದನ್ನು ಕೇಳಿದೆ. ಈಗ ಏನು ಮಾಡಲಿ ಎಂದು. ಆಕೆ, ಏನೇನು ಮಾಡಕ್ಕಾಯ್ತದೆ ಅದ ಯೋಳು ಎಂದಳು. ಹೇಳಿದೆ. ಯಾವ ಫೋಟೋವನ್ನೂ ಹಾಕದೆ ಬರೀ ಮಾತಿನಲ್ಲಿ ಬರೆಯಬಹುದು. ತಿದ್ದಿದ ಫೋಟೋದ ಮೇಲೆಯೇ 'ತಿದ್ದಿದ್ದು' ಎಂದು ದೊಡ್ಡದಾಗಿ ಅಚ್ಚು ಹಾಕಿ ಬಿಡಬಹುದು. ಹಾಗೆ ಮಾಡಿದರೆ ಸ್ಕ್ರೀನ್‌ಶಾಟ್ ತೆಗೆದರೂ ಆ ಅಕ್ಷರ ಜೊತೆಗೇ ಹೋಗುತ್ತದೆ, ಕೆಳಗಿನ ಬರಹವಾದರೆ ಕಳಚಿಬೀಳುತ್ತದೆ. ಮೂಲ ಫೋಟೋವನ್ನು ಕೋರ್ಟಿಗೆ ಮಾತ್ರ ಕೊಡಬಹುದು.

"ನಾಳೆ ಬ್ಯಾಡ ಅಂದ್ರೆ?"

"ನನ್ನ ಪೇಜಿಂದ ತೆಗೀತೀನಿ ಅಕ್ಕ. ಬೇರೆಯವ್ರ ಫೋನಿಗೆ ಹೋಗಿರೋದು ನನ್ನ ಕೈಲಿಲ್ಲ."

ಆ ಕೊನೆಯ ಮಾತನ್ನು ಆಕೆ ಎರಡು ಸಲ ಹೇಳಿಸಿದಳು. ಆಮೇಲೆ ತೀರ್ಮಾನ ಹೇಳಿದಳು. ಕೋರ್ಟಿಗೆ ಎಲ್ಲ ಕೊಡು. ಪೇಜಿಗೆ ಮಾತು ಮಾತ್ರ, ಅದನ್ನೂ ನಾನೇ ಹೇಳ್ತೀನಿ. ನನ್ನ ಮುಖ ಇನ್ನೊಂದು ಸಲ ಬ್ಯಾಡ, ಅದೂ ಬ್ಯಾಡ, ಇದೂ ಬ್ಯಾಡ.

ಆಕೆ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. ಮನೆ ಆಲ್ಬಮ್ಮಿಗೆ ಎಂದು ಹೇಳಿ ತೆಗೆದ ಫೋಟೋವನ್ನು ಆಕೆಯನ್ನು ಕೇಳದೆ ತಿದ್ದಿದ್ದೇನೆ, ಕೇಳದೆ ಹಾಕಿದ್ದೇನೆ, ತಿದ್ದಿದ್ದು ಎಂದು ತಿಳಿಸಿಲ್ಲ. ಕೆನ್ನೆಯ ಕಲೆ, ಕಿವಿ, ಬಾಯಿ, ಬಣ್ಣ ಇವಿಷ್ಟನ್ನೂ ಬದಲಿಸಿದ್ದೇನೆ. ಎರಡನೆಯ ಸಲ ಮೂಲ ಫೋಟೋ ಹಾಕಿದಾಗಲೂ ಕೇಳಿಲ್ಲ. ಯಾರ ಹತ್ತಿರ ಈ ಫೋಟೋಗಳಿವೆಯೋ ಅವರು ತೆಗೆದುಹಾಕಬೇಕು, ಹಂಚಬಾರದು. ಬರೆದದ್ದನ್ನು ಗಟ್ಟಿಯಾಗಿ ಓದಿಸಿದಳು. 'ಕ್ಷಮಿಸಿ' ಎಂದು ನಾನು ಸೇರಿಸಿದ್ದನ್ನು ತೆಗೆಸಿದಳು. "ಅದ ನನ್ ಹತ್ರ ಕೇಳು, ಊರ್ನೋರ್ ಹತ್ರ ಯಾಕೆ?" ನಾನು ಕೇಳಿದೆ. ಆಕೆ ಬಸ್ಸಿನ ಹೊತ್ತಾಯಿತೆಂದು ಹೊರಟಳು. ಅದೇ ಬರಹವನ್ನು ಬೀಗರ ಗ್ರೂಪಿಗೂ ಹಾಕಬೇಕು, ಸುಳ್ಳು ಎಲ್ಲೆಲ್ಲಿ ಹೋಯಿತೋ ಅಲ್ಲಿಗೆಲ್ಲ ಹೋಗಬೇಕು ಎಂದು ಬಾಗಿಲಲ್ಲಿ ತಿರುಗಿ ಹೇಳಿದಳು. ಮಗಳ ಕೈಲೇ ಹಾಕಿಸುತ್ತೇನೆ ಎಂದಳು.

ಆ ಬರಹ ಬಂದ ಮೇಲೆ ಭಾವನ ದೊಡ್ಡ ಮಗ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಬೈಕಿಗೆ ಅಡ್ಡ ಬಂದ. ಮಾತಾಡಲಿಲ್ಲ, ಒದ್ದ. ಬೈಕಿನ ಸಮೇತ ಬಿದ್ದೆ, ಮುಂಗೈ ಮೂಳೆ ಮುರಿಯಿತು. "ಕೋರ್ಟಿಗೆ ಓದ್ರೆ ಇನ್ನೊಂದ್ ಕೈನೂ ಓಯ್ತದೆ" ಎಂದು ಬಗ್ಗಿ ಕಿವಿಯಲ್ಲಿ ಹೇಳಿದ. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ವಾರ ಸ್ಟುಡಿಯೋ ತೆರೆಯಲಿಲ್ಲ. ದೂರು ಕೊಡುವಾಗ ಪೊಲೀಸರ ಮುಂದೆ ನನ್ನ ಬದಲು ಹೆಂಡತಿ ಮಾತಾಡಿದಳು.

ಸರ್ಕಾರಿ ವಕೀಲರು ಅರ್ಜಿ ಹಾಕಿ ನನ್ನನ್ನು ಸಾಕ್ಷಿಯಾಗಿ ಕರೆಸಿದರು. ಬ್ಯಾಂಡೇಜಿನ ಕೈಯಲ್ಲೇ ಹೋದೆ. ಕ್ಯಾಮೆರಾದ ಮೂಲ ಫೈಲು, ತಿದ್ದಿದ ಕೆಲಸದ ಫೈಲು, ಅವು ಯಾವ ಕಂಪ್ಯೂಟರಿನಿಂದ ಬಂದವು ಎನ್ನುವುದಕ್ಕೆ ಸಹಿ ಮಾಡಿದ ಪ್ರಮಾಣಪತ್ರ, ಎಲ್ಲ ಕೊಟ್ಟೆ. ಭಾವನ ವಕೀಲರು ಜಾಣರು.

"ಇಲ್ಲದ ಕಿವಿಯನ್ನು ಬರಿಸುವವರು ನೀವು. ಹಾಗಾದರೆ ಇಲ್ಲದ ಕಲೆಯನ್ನೂ ಬರಿಸಬಹುದಲ್ಲ?"

"ಬರಿಸಬಹುದು" ಎಂದೆ.

"ಆ ಫೋಟೋ ತಿದ್ದಿದ್ದು ಎಂದು ಐದು ತಿಂಗಳು ಯಾರಿಗಾದರೂ ಹೇಳಿದ್ರಾ?"

"ಇಲ್ಲ."

"ಡಿಲೀಟ್ ಮಾಡಿದ್ರಾ?"

"ಮಾಡಿದೆ. ಹೆದರಿ."

ಒಂದೊಂದು ಉತ್ತರಕ್ಕೂ ಬಟ್ಟೆ ಬಿಚ್ಚಿಸಿಕೊಂಡು ನಿಂತ ಹಾಗಾಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಸೆರಗು ಹೆಗಲ ಮೇಲಿತ್ತು. ಕ್ಯಾಮೆರಾದಿಂದ ನೇರ ಬಂದ ಫೈಲಿಗೂ ತಿದ್ದಿ ಉಳಿಸಿದ ಫೈಲಿಗೂ ಇರುವ ವ್ಯತ್ಯಾಸವನ್ನು ನ್ಯಾಯಾಧೀಶರು ತಾವೇ ಕೇಳಿ ಬರೆದುಕೊಂಡರು. ಹೊಲಿಗೆ ಹಾಕಿದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಂದು, ಇದು ತಾವು ಹೊಲಿದ ಗಾಯದ ಕಲೆಯೇ ಎಂದು ಆಕೆಯ ಕೆನ್ನೆ ನೋಡಿ ಹೇಳಿದರು. ಕಾಯಿ ಕೀಳುವವನು ಮರದ ಮೇಲಿಂದ ಕಂಡದ್ದನ್ನು ಹೇಳಿದ.

ಭಾವನಿಗೆ ಶಿಕ್ಷೆಯಾಯಿತು. ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗಿದ್ದಾನೆ. ಬದುವಿನ ಆ ಕಡೆ ಈಗಲೂ ಅವನೇ ನಿಂತಿರುತ್ತಾನಂತೆ. ಅಕ್ಕ ಕಾಯಿ ಆರಿಸಲು ತಮ್ಮನಿಲ್ಲದೆ ಹೋಗುವುದಿಲ್ಲ. ತಮ್ಮ ನನ್ನ ಗಾಜಿನ ಬಾಗಿಲು ಹಾಕಿಸಿಕೊಡುತ್ತೇನೆಂದು ಬಂದಿದ್ದ, ನಾನು ಬೇಡವೆಂದೆ. ಅವನ ಅಂಗಾಲಿನಿಂದ ಗಾಜಿನ ಚೂರು ತೆಗೆಸಲು ತಿಪಟೂರಿಗೆ ಹೋಗಿ ಕೊಯ್ಯಿಸಬೇಕಾಯಿತಂತೆ.

ಹೋದ ತಿಂಗಳು ಮಗಳು ಕೂಸನ್ನು ಎತ್ತಿಕೊಂಡು ಒಬ್ಬಳೇ ಸ್ಟುಡಿಯೋಗೆ ಬಂದಳು. ಗಂಡನ ಮನೆಯಲ್ಲಿ ಕೇಳಿದವರಿಗೆಲ್ಲ ಅಮ್ಮನಿಗೆ ಏನಾಯಿತೆಂದು ಈಗ ಹೇಳುತ್ತಾಳಂತೆ. ಅಮ್ಮ ಮಾತಾಡಿಸುತ್ತಾಳೆ, ಆದರೆ ಮೊದಲಿನ ಹಾಗೆ ತಲೆ ಬಾಚಿಕೊಡಲು ಕರೆಯುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ಸೀಮಂತದ ಆ ಮೂರನೆಯ ಫೋಟೋ, ತಿದ್ದದೆ ಇರುವುದು, ಒಂದು ಪ್ರಿಂಟ್ ಬೇಕು ಎಂದಳು. ಬಳೆ ನೋಡಿ ಅಮ್ಮ ನಗುತ್ತಿರುವುದು.

ನಾನು ಕೊಡಲಿಲ್ಲ. ಅಮ್ಮನನ್ನು ಕೇಳಿಕೊಂಡು ಬಾಮ್ಮ ಎಂದೆ. ಅವಳಿಗೆ ಕೋಪ ಬಂತು, ಅವಮಾನವೂ ಆಯಿತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ಇನ್ನೂ ಬಂದಿಲ್ಲ.